ಬೇಡದ ಗುಳಿಗೆಗೆ ಸಿಕ್ಕ ಶ್ರೇಯ

ವಯಾಗ್ರ 1998ರಲ್ಲಿ ಅಮೆರಿಕದ ಔಷಧದಂಗಡಿಗೆ ಬಂದಾಗ ಅದು ಯಾರಿಗೆ ಎಂಬ ಗೊಂದಲವೇನೂ ಇರಲಿಲ್ಲ. ಸಕ್ಕರೆ ಕಾಯಿಲೆಯಿಂದಲೋ ರಕ್ತದೊತ್ತಡದಿಂದಲೋ ವಯಸ್ಸಿನಿಂದಲೋ ನಿಮಿರುವಿಕೆ ಕುಗ್ಗಿದ ಗಂಡಸರಿಗೆ ಅದು ಬೇಕಿತ್ತು. ಈಗ ಏನೂ ತೊಂದರೆಯಿಲ್ಲದ ಇಪ್ಪತ್ತೈದರ ಹುಡುಗರೂ ಅದನ್ನು ನುಂಗುತ್ತಾರೆ. ನಮ್ಮ ಕಾನೂನಿನ ಪ್ರಕಾರ ಅದರಲ್ಲಿರುವ ಸಿಲ್ಡೆನಾಫಿಲ್ ಮಾರಲು ವೈದ್ಯರ ಚೀಟಿ ಬೇಕು. ಆ ಚೀಟಿಯನ್ನು ಕೇಳದ ಅಂಗಡಿಗಳು ಎಷ್ಟೋ ಇವೆ. ಆರೋಗ್ಯವಂತ ಹುಡುಗ ಮೋಜಿಗೆ ಒಂದು ಗುಳಿಗೆ ತೆಗೆದುಕೊಂಡರೆ ಏನು ನಷ್ಟ? ಹುಡುಗರು ಕೇಳುವ ಈ ಪ್ರಶ್ನೆಯನ್ನು ಗದರಿಸಿ ತಳ್ಳಿಹಾಕುವುದಕ್ಕಿಂತ ಉತ್ತರಿಸುವುದು ಮೇಲು.

ಈ ಗುಳಿಗೆ ಆಸೆಯನ್ನು ಹುಟ್ಟಿಸುವುದಿಲ್ಲ. ಆಸೆ ಹುಟ್ಟಿದಾಗ ನರಗಳು ನೈಟ್ರಿಕ್ ಆಕ್ಸೈಡ್ ಬಿಡುತ್ತವೆ, ಅದರಿಂದ ಒಂದು ರಾಸಾಯನಿಕ ಹೆಚ್ಚಿ ಶಿಶ್ನದ ರಕ್ತನಾಳಗಳು ಸಡಿಲವಾಗುತ್ತವೆ, ರಕ್ತ ತುಂಬಿಕೊಳ್ಳುತ್ತದೆ. ಆ ರಾಸಾಯನಿಕವನ್ನು ಒಡೆಯುವ ಕಿಣ್ವವನ್ನು ಗುಳಿಗೆ ತಡೆಯುತ್ತದೆ, ಅಷ್ಟೇ ಅದರ ಕೆಲಸ. ಆ ಏರ್ಪಾಡು ತಾನಾಗಿಯೇ ಸರಿಯಾಗಿರುವವನಿಗೆ ಅದು ಸೇರಿಸಿಕೊಡುವುದು ಬಹಳ ಕಡಿಮೆ. ಅವನಿಗೆ ಸಿಗುವುದು ತಲೆನೋವು, ಬಿಸಿಯೇರಿದ ಮುಖ, ಕಟ್ಟಿದ ಮೂಗು ಇರಬಹುದು.

ಹಾಗಾದರೆ ಹುಡುಗರು ಅದನ್ನು ಹೊಗಳುವುದೇಕೆ? ಒಬ್ಬ ಇಪ್ಪತ್ತಾರರವನನ್ನು ಊಹಿಸಿಕೊಳ್ಳೋಣ. ಪ್ರಸ್ತದ ದಿನ ಗೆಳೆಯನೊಬ್ಬ ಚುಡಾಯಿಸುತ್ತಲೇ ಐವತ್ತು ಮಿಲಿಗ್ರಾಮಿನ ಗುಳಿಗೆಯನ್ನು ಇವನ ಜೇಬಿಗೆ ಸೇರಿಸುತ್ತಾನೆ. ರಾತ್ರಿ ಎಲ್ಲ ಚೆನ್ನಾಗಿಯೇ ನಡೆಯುತ್ತದೆ. ಗುಳಿಗೆ ಇಲ್ಲದಿದ್ದರೂ ನಡೆಯುತ್ತಿತ್ತು, ಆದರೆ ಅದನ್ನು ತಿಳಿಯುವ ದಾರಿ ಅವನಿಗಿಲ್ಲ. ಶ್ರೇಯವೆಲ್ಲ ಗುಳಿಗೆಗೆ ಹೋಗುತ್ತದೆ. ಮುಂದಿನ ವಾರವೂ ನುಂಗುತ್ತಾನೆ, ಅದರ ಮುಂದಿನ ವಾರವೂ. ಒಂದು ದಿನ ಗುಳಿಗೆ ಮುಗಿದಿರುತ್ತದೆ. ಹಾಸಿಗೆಯಲ್ಲಿ ಅವನ ಗಮನ ಹೆಂಡತಿಯ ಮೇಲಿರುವುದಿಲ್ಲ, ‘ಆಗುತ್ತೋ ಇಲ್ಲವೋ’ ಎಂದು ತನ್ನನ್ನೇ ಕಾವಲು ಕಾಯುತ್ತಿರುತ್ತಾನೆ. ಆತಂಕದಲ್ಲಿ ಮೈ ಅಡ್ರಿನಲಿನ್ ಸುರಿಸುತ್ತದೆ, ಅಡ್ರಿನಲಿನ್ ಆ ನಾಳಗಳನ್ನೇ ಬಿಗಿಮಾಡುತ್ತದೆ. ಆಗುವುದಿಲ್ಲ. ‘ನೋಡು, ಗುಳಿಗೆ ಇಲ್ಲದೆ ನನ್ನ ಕೈಲಾಗದು’ ಎಂಬ ತೀರ್ಮಾನಕ್ಕೆ ಈಗ ಅವನ ಕಣ್ಣೆದುರೇ ಪುರಾವೆ ಸಿಕ್ಕಿತು. ಅದೃಷ್ಟ ಕೆಟ್ಟರೆ ಇದೇ ಭಯ ಗುಳಿಗೆ ನುಂಗಿದ ದಿನವೂ ಅದನ್ನು ಸೋಲಿಸುತ್ತದೆ. ಆಗ ಅವನು ಐವತ್ತನ್ನು ನೂರು ಮಾಡುತ್ತಾನೆ.

ಇದು ಅಫೀಮಿನಂಥ ಚಟವಲ್ಲ. ಬಿಟ್ಟರೆ ಮೈ ನಡುಗದು, ಬೆವರದು. ಕೈಕೊಟ್ಟದ್ದು ಅವನ ನಂಬಿಕೆ. ಹಾರ್ಟ್ ಮತ್ತು ಮೆಸ್ಟನ್ ಎಂಬ ಅಮೆರಿಕದ ಸಂಶೋಧಕರು ಆರೋಗ್ಯವಂತ ಯುವಕರ ಬಗ್ಗೆ 2012ರಲ್ಲಿ ಪ್ರಕಟಿಸಿದ ಸಮೀಕ್ಷೆಯೂ ಇತ್ತಲೇ ಬೊಟ್ಟುಮಾಡುತ್ತದೆ: ಮೋಜಿಗಾಗಿ ಈ ಗುಳಿಗೆಯನ್ನು ಹೆಚ್ಚು ನುಂಗುವವರಿಗೆ ತಮ್ಮ ನಿಮಿರುವಿಕೆಯ ಮೇಲೆ ಭರವಸೆ ಕಡಿಮೆ, ಆ ಕೊರತೆಯ ಜೊತೆಗೇ ನಿಮಿರುವಿಕೆಯೂ ಸಪ್ಪೆ. ಭರವಸೆ ಇಲ್ಲದವರೇ ಗುಳಿಗೆಯ ಕಡೆಗೆ ಹೋಗಿರಬಹುದಲ್ಲ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ, ಒಂದು ಸಲದ ಸಮೀಕ್ಷೆಯಿಂದ ಯಾವುದು ಮೊದಲು ಎಂದು ಹೇಳಲಾಗದು. ಆದರೆ ಹಾಗೇ ಇದ್ದರೂ ಗುಳಿಗೆ ಆ ಭಯವನ್ನು ಕಳೆಯಲಿಲ್ಲ, ಮುಚ್ಚಿಟ್ಟಿತು.

ಮೈಗೆ ಬರುವ ಅಪಾಯವೂ ಈ ಮುಚ್ಚುಮರೆಯಲ್ಲೇ ಇದೆ. ಆರೋಗ್ಯವಂತನಿಗೆ ಒಂದು ಗುಳಿಗೆಯಿಂದ ಜೀವಕ್ಕೇನೂ ಆಗುವುದಿಲ್ಲ ಎಂಬ ಮಾತು ಬಹುಮಟ್ಟಿಗೆ ನಿಜ. ಆದರೆ ಎದೆನೋವು ಬಂದಾಗ ನಾಲಿಗೆಯ ಕೆಳಗಿಡುವ ಸಾರ್ಬಿಟ್ರೇಟ್ ನಮ್ಮಲ್ಲಿ ಅಜ್ಜನ ಡಬ್ಬಿಯಲ್ಲೂ ಇರುತ್ತದೆ. ಸಾರ್ಬಿಟ್ರೇಟ್ ಅದೇ ರಾಸಾಯನಿಕವನ್ನು ಹೆಚ್ಚಿಸುತ್ತದೆ, ಮೋಜಿನ ಗುಳಿಗೆ ಅದನ್ನು ಒಡೆಯಗೊಡುವುದಿಲ್ಲ. ಎರಡೂ ಕೂಡಿದರೆ ರಕ್ತದೊತ್ತಡ ಪಾತಾಳಕ್ಕಿಳಿದು ಪ್ರಾಣವೇ ಹೋಗಬಹುದು. ಸಿಲ್ಡೆನಾಫಿಲ್ ನುಂಗಿದ ಮೇಲೆ 24 ಗಂಟೆ, ಅದೇ ಬಗೆಯ ತಡಾಲಾಫಿಲ್ ಆದರೆ 48 ಗಂಟೆ ಸಾರ್ಬಿಟ್ರೇಟಿನಂಥ ನೈಟ್ರೇಟ್ ಕೊಡಬಾರದೆಂದು ವೈದ್ಯರಿಗೆ ಗೊತ್ತು. ಎದೆನೋವೆಂದು ಹೋದ ಹುಡುಗನನ್ನು ಅವರು ಕೇಳದಿದ್ದರೆ, ಇವನು ಹೆಂಡತಿಯ ಎದುರು ನಾಚಿ ಬಾಯಿ ಬಿಡದಿದ್ದರೆ, ಆ ತಿಳಿವಳಿಕೆಯಿಂದ ಉಪಯೋಗವಿಲ್ಲ. ‘ನಾನು ತಿಂದದ್ದು ಬರೀ ಗಿಡಮೂಲಿಕೆ ಪುಡಿ’ ಎನ್ನುವವನ ಪಾಡು ಇನ್ನೂ ಕಷ್ಟ. ಅಂಥ ಪುಡಿಗಳಲ್ಲಿ ಹೆಸರು ಹೇಳದೆ ಬೆರೆಸಿದ ಸಿಲ್ಡೆನಾಫಿಲ್ ಎಷ್ಟೋ ಸಲ ಸಿಕ್ಕಿಬಿದ್ದಿದೆ.

ನಮ್ಮ ಹುಡುಗ ವೈದ್ಯರ ಬಳಿ ಹೋದನೆಂದರೆ ಅವರು ಮೊದಲು ಕೇಳುವುದು ಬೆಳಗಿನ ಜಾವದ ಸಂಗತಿ: ಎಚ್ಚರವಾದಾಗ ನಿಮಿರಿರುತ್ತದೆಯೇ, ಒಬ್ಬನೇ ಇದ್ದಾಗ ಸರಿಯಿರುತ್ತದೆಯೇ. ಹೌದೆಂದರೆ ನರ, ನಾಳಗಳು ಬಹುತೇಕ ನೆಟ್ಟಗಿವೆ. ಇಲ್ಲವೆಂದರೆ ಸಕ್ಕರೆ, ರಕ್ತದೊತ್ತಡ, ಹೃದಯ ನೋಡಬೇಕು, ಯಾಕೆಂದರೆ ಕೆಲವರಲ್ಲಿ ಹೃದ್ರೋಗದ ಮೊದಲ ಸುಳಿವು ಇಲ್ಲೇ ಸಿಗುತ್ತದೆ. ಮೋಜಿನ ಗುಳಿಗೆ ಆ ಸುಳಿವನ್ನೂ ಮರೆಮಾಡುತ್ತದೆ. ನಾಳಗಳು ಸರಿಯಿದ್ದವನಿಗೆ ವೈದ್ಯರು ಹೇಳುವ ಮದ್ದು ಕೇಳಲು ವಿಚಿತ್ರವೆನಿಸಬಹುದು: ಕೆಲವು ವಾರ ಗಂಡಹೆಂಡಿರು ಮುಟ್ಟಿ ಮುದ್ದಿಸಬಹುದು, ಸಂಭೋಗ ಮಾತ್ರ ಬೇಡ. ಪರೀಕ್ಷೆಯೇ ಇಲ್ಲವೆಂದಾಗ ಕಾವಲು ಕಾಯುವುದಕ್ಕೂ ಏನೂ ಉಳಿಯುವುದಿಲ್ಲ.