ಮೇಲೆ ಹೊಸ ತಾರೀಖು, ಒಳಗೆ ಹಳೇ ಸುದ್ದಿ

ಮಳೆಗಾಲ ಶುರುವಾದರೆ ನಮ್ಮ ಕಡೆ ಎರಡು ಸುದ್ದಿಗೆ ಎಲ್ಲರೂ ಮೊಬೈಲ್ ತೆಗೆಯುತ್ತಾರೆ. ಒಂದು, ನಾಳೆ ಶಾಲೆಗೆ ರಜೆ ಇದೆಯಾ? ಇನ್ನೊಂದು, ಚಾರ್ಮಾಡಿ ಘಾಟಿ ತೆರೆದಿದೆಯಾ? ಈ ಎರಡು ಸುದ್ದಿಗಳಲ್ಲೇ ತಾರೀಖಿನ ಮೋಸ ಹೆಚ್ಚು ಎಂಬುದು ನಮ್ಮ ಅನುಭವ. ಸುದ್ದಿ ಸುಳ್ಳಾಗಿರುವುದಿಲ್ಲ. ಒಂದು ಕಾಲಕ್ಕೆ ಅದು ನಿಜವೇ ಆಗಿತ್ತು. ಅದರ ಮೇಲೆ ಅಂಟಿಸಿದ ಹೊಸ ತಾರೀಖು ಮಾತ್ರ ಸುಳ್ಳು.

ಚಾರ್ಮಾಡಿಯನ್ನೇ ತೆಗೆದುಕೊಳ್ಳಿ. 2019ರ ಆಗಸ್ಟ್ ಮಳೆಗೆ ಘಾಟಿಯಲ್ಲಿ ಹಲವು ಕಡೆ ಗುಡ್ಡ ಕುಸಿದು ರಸ್ತೆ ಬಂದ್ ಆಯಿತು. ಆಮೇಲೆ ಮೊದಲು ಬಿಟ್ಟಿದ್ದು ಸಣ್ಣ ವಾಹನಗಳನ್ನು, ಅದೂ ಹಗಲು ಹೊತ್ತಿನಲ್ಲಿ ಮಾತ್ರ. ದೊಡ್ಡ ವಾಹನಗಳು ಇನ್ನೂ ಬಹಳ ದಿನ ಕಾಯಬೇಕಾಯಿತು. ಅಂದರೆ ಘಾಟಿಯ ಸುದ್ದಿ 'ಬಂದ್' ಅಥವಾ 'ಓಪನ್' ಎಂಬ ಒಂದೇ ಪದದ ಸುದ್ದಿಯಲ್ಲ. ಯಾವ ವಾಹನಕ್ಕೆ, ಎಷ್ಟು ಗಂಟೆಯಿಂದ ಎಷ್ಟು ಗಂಟೆವರೆಗೆ, ಯಾವ ದಿನದಿಂದ ಎಂಬುದು ಸೇರಿದರೆ ಮಾತ್ರ ಅದು ಸುದ್ದಿ. ಇಂಥ ಸುದ್ದಿಯಲ್ಲಿ ತಾರೀಖು ತಪ್ಪಿದರೆ ಉಳಿದಿದ್ದೆಲ್ಲ ತಪ್ಪಿದಂತೆ.

ಇದು ಹೇಗೆ ಆಗುತ್ತದೆ ನೋಡಿ. ಒಂದು ವರ್ಷ 'ಚಾರ್ಮಾಡಿಯಲ್ಲಿ ಸಣ್ಣ ವಾಹನಕ್ಕೆ ಅವಕಾಶ' ಅಂತ ಒಬ್ಬರು ಬರೆದಿರುತ್ತಾರೆ ಅಂದುಕೊಳ್ಳಿ. ಮುಂದಿನ ಮಳೆಗಾಲದಲ್ಲಿ ಜನ ಮತ್ತೆ ಅದನ್ನೇ ಹುಡುಕುತ್ತಾರೆ. ಬರೆದವರು ಹಳೇ ಬರಹ ತೆರೆದು, ಒಂದು ಫೋಟೋ ಬದಲಿಸಿ, ಒಂದು ಅಕ್ಷರ ತಿದ್ದಿ ಸೇವ್ ಮಾಡುತ್ತಾರೆ. ಅಷ್ಟಕ್ಕೇ 'ಕೊನೆಯ ಅಪ್‌ಡೇಟ್' ಎಂಬ ಜಾಗದಲ್ಲಿ ಇವತ್ತಿನ ತಾರೀಖು ತಾನಾಗಿಯೇ ಬಂದು ಕೂರುತ್ತದೆ. ತಿದ್ದಿದ್ದು ಅಕ್ಷರವೋ ಆದೇಶವೋ ಎಂಬುದು ಯಂತ್ರಕ್ಕೆ ಗೊತ್ತಾಗುವುದಿಲ್ಲ. ಬರಹದೊಳಗೆ 'ನಾಳೆಯಿಂದ' ಎಂಬ ಪದ ಹಾಗೇ ಉಳಿದಿರುತ್ತದೆ. ಹೋದ ವರ್ಷದ ನಾಳೆ ಈ ವರ್ಷದ ನಾಳೆಯಾಗುತ್ತದೆ.

ಜಾವಳಿಯಲ್ಲೋ ಬಾಳೂರಿನಲ್ಲೋ ಇರುವವರು ರೋಗಿಯನ್ನು ಕರೆದುಕೊಂಡು ಮಂಗಳೂರಿಗೆ ಹೊರಟಿದ್ದಾರೆ ಅಂತ ಇಟ್ಟುಕೊಳ್ಳಿ. ಆ ಬರಹ ನಂಬಿ ಕೊಟ್ಟಿಗೆಹಾರಕ್ಕೆ ಬಂದರೆ, ಅಲ್ಲಿ ಗಾಡಿ ಬಿಡುತ್ತಿಲ್ಲ. ಕಳಸ, ಕುದುರೆಮುಖದ ಮೇಲೆ ಕಾರ್ಕಳಕ್ಕೆ ಇಳಿಯಬೇಕೆಂದರೆ ಬಂದ ದಾರಿಯಲ್ಲೇ ವಾಪಸ್ ಹೋಗಬೇಕು. ಇಲ್ಲವೇ ಸಕಲೇಶಪುರಕ್ಕೆ ಹೋಗಿ ಶಿರಾಡಿ ಇಳಿಯಬೇಕು. ಮನೆಯಲ್ಲೇ ಗೊತ್ತಾಗಿದ್ದರೆ ಉಳಿಯುತ್ತಿದ್ದ ಗಂಟೆಗಳು ದಾರಿಯಲ್ಲಿ ಹೋಗುತ್ತವೆ.

ಹಾಗಾದರೆ ಸರಿಯಾದ ತಾರೀಖು ಯಾವುದು? ನಾವು ಹೇಳುವುದು, ಒಂದಲ್ಲ, ಮೂರು ಬೇಕು. ಘಟನೆ ನಡೆದ ಅಥವಾ ಆದೇಶ ಹೊರಟ ದಿನ. ಮೊದಲು ಪ್ರಕಟಿಸಿದ ದಿನ. ವಿಷಯ ಕೊನೆಯದಾಗಿ ಬದಲಾದ ದಿನ, ಗಂಟೆ ಸಮೇತ. ಮೊದಲ ಎರಡನ್ನು ಯಾವತ್ತೂ ಮುಟ್ಟಬಾರದು. ಮೂರನೆಯದು ಬದಲಾಗುವುದು ಓದುಗರ ನಿರ್ಧಾರ ಬದಲಿಸುವಂಥ ಮಾಹಿತಿ ಬದಲಾದಾಗ ಮಾತ್ರ. ಕಾಗುಣಿತ ತಿದ್ದಿದರೆ, ಫೋಟೋ ಹಾಕಿದರೆ ಅದು ಬದಲಾಗಕೂಡದು. 'ಇಂದು', 'ನಾಳೆ' ಎಂದು ಬರೆಯುವ ಕಡೆಯೆಲ್ಲ ವಾರ ಮತ್ತು ತಾರೀಖು, ಕೊನೆಗೆ ವರ್ಷವನ್ನೂ ಬರೆಯಬೇಕು. ಆಗ ಸ್ಕ್ರೀನ್‌ಶಾಟ್ ಹೊಡೆದು ಹಂಚಿದರೂ ತಾರೀಖು ಜೊತೆಯಲ್ಲೇ ಹೋಗುತ್ತದೆ.

ತಾರೀಖಿನಷ್ಟೇ ಮುಖ್ಯ, ಏನು ಬದಲಾಯಿತು ಎಂಬ ಒಂದೆರಡು ಸಾಲಿನ ಟಿಪ್ಪಣಿ. 'ಅಪ್‌ಡೇಟ್ ಮಾಡಲಾಗಿದೆ' ಅಂತ ಬರೆದರೆ ಏನೂ ಹೇಳಿದಂತಾಗಲಿಲ್ಲ. ಹೀಗಿರಬೇಕು:

'ಜುಲೈ 8, ಸೋಮವಾರ ಸಂಜೆ 5 ಗಂಟೆ: ಲಾರಿ ನಿಷೇಧದ ಅವಧಿ ಬದಲಾಗಿದೆ, ಎರಡನೇ ಪ್ಯಾರಾ ತಿದ್ದಿದ್ದೇವೆ. ಬದಲಿ ದಾರಿಯ ವಿವರ ಜುಲೈ 2ರದ್ದು, ಮತ್ತೆ ವಿಚಾರಿಸಿಲ್ಲ.'

(ಇದು ಮಾದರಿ ಮಾತ್ರ, ನಿಜವಾದ ಆದೇಶವಲ್ಲ. ದಯವಿಟ್ಟು ಫಾರ್ವರ್ಡ್ ಮಾಡಬೇಡಿ.)

ಇದರಲ್ಲಿ ಕೊನೆಯ ವಾಕ್ಯಕ್ಕೇ ಹೆಚ್ಚು ಬೆಲೆ. ಮೇಲಿನ ಹೊಸ ತಾರೀಖು ನೋಡಿದವರು ಇಡೀ ಬರಹವೇ ಹೊಸದು ಅಂದುಕೊಳ್ಳುತ್ತಾರೆ. ಯಾವ ಭಾಗ ಹಳೆಯದಾಗೇ ಉಳಿದಿದೆ ಎಂದು ಹೇಳಿದರೆ ಮಾತ್ರ ಅವರಿಗೆ ಗೊತ್ತಾಗುತ್ತದೆ. ಈ ಟಿಪ್ಪಣಿ ಬರಹದ ತಲೆಯಲ್ಲೇ ಇರಬೇಕು. ನೆಟ್‌ವರ್ಕ್ ಒಂದು ಕಡ್ಡಿ ಇರುವ ಕಡೆ ಪುಟದ ತಳದವರೆಗೆ ಯಾರೂ ಹೋಗುವುದಿಲ್ಲ. ಸುದ್ದಿಯ ಕಾಲ ಮುಗಿದಿದ್ದರೆ ತಲೆಬರಹದಲ್ಲೇ 'ಈ ಆದೇಶ ಮುಗಿದಿದೆ' ಎಂದು ಸೇರಿಸಬೇಕು. ಹೊಸದಾಗಿ ಗುಡ್ಡ ಕುಸಿದರೆ ಹಳೇ ಬರಹವನ್ನು ತಿದ್ದುವುದಲ್ಲ, ಹೊಸದು ಬರೆದು ಹಳೆಯದರಿಂದ ಅದಕ್ಕೆ ದಾರಿ ತೋರಿಸಬೇಕು.

ಇದರಲ್ಲಿ ಒಂದು ಮಿತಿಯೂ ಇದೆ. ವಾಟ್ಸಾಪ್‌ಗೆ ಲಿಂಕ್ ಕಳಿಸಿದಾಗ ಕಾಣುವ ಚಿತ್ರ ಮತ್ತು ತಲೆಬರಹ, ಕಳಿಸಿದ ಹೊತ್ತಿನದು. ನಾವು ಆಮೇಲೆ ಎಷ್ಟು ತಿದ್ದಿದರೂ ನಿಮ್ಮ ಗ್ರೂಪಿನಲ್ಲಿ ಆಗಲೇ ಬಿದ್ದ ಚಿತ್ರ ಬದಲಾಗುವುದಿಲ್ಲ. ಆದ್ದರಿಂದ ಮೊದಲ ಸಲ ಬರೆಯುವಾಗಲೇ ತಲೆಬರಹದಲ್ಲಿ ದಿನ ಇರಬೇಕು. ಬ್ರಿಟನ್ನಿನ ಗಾರ್ಡಿಯನ್ ಪತ್ರಿಕೆ 2019ರಲ್ಲಿ ಇದನ್ನೇ ಮಾಡಿತು. ಹಳೇ ಸುದ್ದಿಗಳ ಮೇಲೆ ಎಷ್ಟು ವರ್ಷ ಹಳೆಯದು ಎಂದು ಹಳದಿ ಪಟ್ಟಿ ಹಾಕಿತು. ಹಂಚಿದಾಗ ಕಾಣುವ ಚಿತ್ರದಲ್ಲೂ ವರ್ಷ ಬರುವಂತೆ ಮಾಡಿತು.

ಬರೆಯುವ ನಮ್ಮ ಸ್ನೇಹಿತರು ಕೆಲವರು ಹೇಳುವ ಮಾತಿದೆ: ಹಳೇ ತಾರೀಖು ಕಂಡರೆ ಯಾರೂ ಒತ್ತುವುದಿಲ್ಲ, ಗೂಗಲ್ ಕೂಡ ಕೆಳಗೆ ತಳ್ಳುತ್ತದೆ. ಮೊದಲ ಮಾತು ನಿಜ. ಎರಡನೆಯದಕ್ಕೆ ಗೂಗಲ್‌ನ ಸೂಚನೆಯೇ ಉತ್ತರ. ಬರಹದಲ್ಲಿ ಗಣನೀಯ ಬದಲಾವಣೆ ಆಗಿದ್ದರೆ ಹೊಸ ತಾರೀಖು ಹಾಕಿ, ಹೊಸ ಮಾಹಿತಿ ಸೇರಿಸದೆ ಸುಮ್ಮನೆ ಹೊಸದರಂತೆ ತೋರಿಸಬೇಡಿ ಎಂದೇ ಅದು ಪ್ರಕಾಶಕರಿಗೆ ಹೇಳುತ್ತದೆ. ಯಂತ್ರ ಓದುವ `datePublished` ಮತ್ತು `dateModified` ಎಂಬ ಎರಡು ಜಾಗಗಳೂ ಬೇರೆ ಬೇರೆ ಇರುವುದು ಇದಕ್ಕೇ. ಅಲ್ಲಿರುವ ತಾರೀಖು, ಓದುಗರ ಕಣ್ಣಿಗೆ ಕಾಣುವ ತಾರೀಖು ಎರಡೂ ಒಂದೇ ಆಗಿರಬೇಕು. ಮಳೆಗಾಲದಲ್ಲಿ ನಾಲ್ಕು ಕ್ಲಿಕ್ ಕಡಿಮೆಯಾದರೆ ಆಗಲಿ. ಒಮ್ಮೆ ಕೊಟ್ಟಿಗೆಹಾರದಿಂದ ವಾಪಸ್ ಬಂದವರು ಮತ್ತೆ ನಮ್ಮನ್ನು ಓದುವುದಿಲ್ಲ.

ಓದುವವರು ಪರೀಕ್ಷಿಸುವುದೂ ಕಷ್ಟವಿಲ್ಲ. ಪುಟದ ತುತ್ತತುದಿಯಲ್ಲಿ ಇರುವ ತಾರೀಖನ್ನು ಮೊದಲು ಬಿಟ್ಟುಬಿಡಿ. ಕೆಲವು ಕಡೆ ಅದು ಬರೀ ಇವತ್ತಿನ ಕ್ಯಾಲೆಂಡರ್, ಬರಹಕ್ಕೂ ಅದಕ್ಕೂ ಸಂಬಂಧವಿಲ್ಲ. ಕಾಫಿ ದರದ ಪುಟಗಳಲ್ಲೂ ಇದನ್ನು ಗಮನಿಸಿ: ಮೇಲೆ ಇವತ್ತಿನ ದಿನ, ಕೆಳಗೆ ಹೋದ ವಾರದ ಚೀಲದ ರೇಟು ಇರಬಹುದು. ಬರಹದೊಳಗೆ ವಾರ ಮತ್ತು ತಾರೀಖು ಒಟ್ಟಿಗೆ ಇದ್ದರೆ ಗೋಡೆಯ ಕ್ಯಾಲೆಂಡರಿಗೆ ತಾಳೆ ನೋಡಿ. ಜುಲೈ 8 ಸೋಮವಾರ ಅಂತ ಇದ್ದು, ಈ ವರ್ಷ ಜುಲೈ 8 ಬೇರೆ ವಾರ ಬಂದರೆ ಅದು ಹಳೇ ವರ್ಷದ ಸುದ್ದಿ. ರಜೆಯ ಸುದ್ದಿಯಾದರೆ ಆದೇಶದ ಪ್ರತಿಯಲ್ಲಿ ಜಿಲ್ಲಾಧಿಕಾರಿ ಸಹಿಯ ಬಳಿ ಇರುವ ದಿನಾಂಕ ನೋಡಿ. ಎಲ್ಲೂ ದಿನಾಂಕ ಸಿಗದಿದ್ದರೆ ಹೊರಡುವ ಮೊದಲು ಕೊಟ್ಟಿಗೆಹಾರದಲ್ಲಿರುವ ಯಾರಿಗಾದರೂ ಒಂದು ಫೋನ್ ಮಾಡಿ.

ನಮ್ಮ ಬರಹಗಳಲ್ಲೂ ತಾರೀಖು ಬದಲಾಗಿ, ಏನು ಬದಲಾಯಿತು ಎಂಬ ಟಿಪ್ಪಣಿ ಇಲ್ಲದ್ದು ಕಂಡರೆ ಕೇಳಿ. ಕೇಳುವ ಹಕ್ಕು ನಿಮಗಿದೆ.