ಆ 30 ಅಂಕಿ ಯಾರ ಹತ್ತಿರ ಇದೆ?

ಖಾಸಗಿತನದ ಚರ್ಚೆ ಬಂದಾಗಲೆಲ್ಲ ‘ವಾಟ್ಸಾಪ್ ಬಿಟ್ಟು ಸಿಗ್ನಲ್‌ಗೆ ಬನ್ನಿ’ ಅಂತೀವಿ. ಫೋನ್ ಬದಲಿಸುವ ದಿನ ಏನಾಗುತ್ತೆ ಅಂತ ಮಾತ್ರ ಹೇಳಲ್ಲ.

ಆಂಡ್ರಾಯ್ಡ್‌ನಲ್ಲಿ ಸಿಗ್ನಲ್‌ನ ಹಳೆಯ ಬ್ಯಾಕಪ್ ವಿಧಾನ ಫೋನಿನಲ್ಲೇ ಒಂದು `.backup` ಫೈಲ್ ಬರೆಯುತ್ತದೆ. ಅದರ ಬೀಗ ತೆಗೆಯುವುದು 30 ಅಂಕಿಗಳ ಪಾಸ್‌ಫ್ರೇಸ್, ಐದೈದರ ಆರು ಗುಂಪು. ಅದನ್ನು ತೋರಿಸುವುದು ಒಂದೇ ಸಲ. ಆಮೇಲೆ ಸೆಟ್ಟಿಂಗ್ಸ್‌ನಲ್ಲಿ ಸರಿಯಿದೆಯಾ ಅಂತ ಪರೀಕ್ಷಿಸಬಹುದು, ಮತ್ತೆ ನೋಡಲಾಗದು. ಕಳೆದುಹೋಗಿದ್ದರೆ, ಹಳೇ ಫೋನ್ ಕೈಯಲ್ಲಿರುವಾಗಲೇ ಬ್ಯಾಕಪ್ ಆಫ್ ಮಾಡಿ ಮತ್ತೆ ಆನ್ ಮಾಡಿ, ಹೊಸ ಅಂಕಿಗಳನ್ನು ಪಡೆಯಬೇಕು.

ನನ್ನ ಗೆಳತಿಯೊಬ್ಬಳು, ಕಾರ್ಮಿಕ ಸಂಘಟನೆಯವಳು, ಅಂಕಿಗಳನ್ನು ಚೀಟಿಯಲ್ಲಿ ಬರೆದಿಟ್ಟಿದ್ದಳು. ಆದರೆ ಫೈಲ್ ಇದ್ದದ್ದು ಎಕ್ಸ್‌ಚೇಂಜ್‌ಗೆ ಕೊಟ್ಟ ಫೋನಿನಲ್ಲಿ! ಅಲ್ಲಿಗೆ ಮೂರು ವರ್ಷದ ಮಾತುಕತೆ ಹೋಯಿತು.

ಕ್ರಮ ಹೀಗಿರಬೇಕು: ಮೊದಲು ಅಂಕಿಗಳನ್ನು ಪರೀಕ್ಷಿಸಿ, ಹೊಸ ಬ್ಯಾಕಪ್ ತೆಗೆದು, ಫೈಲನ್ನು ಹೊಸ ಫೋನಿಗೆ ನಕಲಿಸಿ. ಹೊಸದರಲ್ಲಿ ಸಿಗ್ನಲ್ ಹಾಕಿದಾಗ ನಂಬರ್ ನೋಂದಾಯಿಸುವ ಮೊದಲೇ ರಿಸ್ಟೋರ್ ಆಯ್ಕೆ ಒತ್ತಿ. ಸಂದೇಶಗಳು ಬಂದಿವೆ ಅಂತ ಕಣ್ಣಾರೆ ಕಂಡ ಮೇಲಷ್ಟೇ ಹಳೇ ಫೋನ್ ಅಳಿಸಿ. ಈ ಫೈಲ್ ಐಫೋನಿನಲ್ಲಿ ತೆರೆಯುವುದಿಲ್ಲ.

ಅಂಕಿಗಳ ಸ್ಕ್ರೀನ್‌ಶಾಟ್ ಅದೇ ಫೋನಿನ ಗ್ಯಾಲರಿಯಲ್ಲಿದ್ದರೆ ಫೋನ್ ಜಪ್ತಿಯಾದ ದಿನ ಬೀಗ, ಕೀ ಎರಡೂ ಒಟ್ಟಿಗೇ ಹೋಗುತ್ತವೆ. 2025ರಲ್ಲಿ ಸಿಗ್ನಲ್ ಕ್ಲೌಡ್ ಬ್ಯಾಕಪ್ ತಂದಿತಲ್ಲ, ಅಲ್ಲೂ 64 ಅಕ್ಷರಗಳ ಕೀ ನಿಮ್ಮ ಬಳಿಯೇ. ಕಳೆದರೆ ಕಂಪನಿಯೂ ತೆರೆದುಕೊಡಲಾರದು.