ಸ್ಪ್ರೆಡ್ ನೋಡಿ ಕಂಪನಿಯ ದಿವಾಳಿ ಸಾರಬೇಡಿ

‘ಈ ಕಂಪನಿ ಮುಳುಗುವ ಸಾಧ್ಯತೆ ಇಷ್ಟು ಎಂದು ಮಾರುಕಟ್ಟೆಯೇ ಹೇಳುತ್ತಿದೆ’ ಎಂದು ಟಿ.ವಿ.ಯಲ್ಲಿ ತೀರ್ಪು ಕೊಡುವವರು ಆ ಅಂಕಿ ಎಲ್ಲಿಂದ ಬಂತು ಎಂಬುದನ್ನೂ ಬಿಡಿಸಿ ಹೇಳಬೇಕು. ಲೆಕ್ಕವೇನೂ ಕಷ್ಟದ್ದಲ್ಲ. ಒಂದು ವರ್ಷದ ಸರ್ಕಾರಿ ಸಾಲಪತ್ರಕ್ಕೆ ಶೇ 7, ಕಂಪನಿಯ ಬಾಂಡಿಗೆ ಶೇ 10 ಬಡ್ಡಿ ಎನ್ನೋಣ. ಇವುಗಳ ನಡುವಿನ ಶೇ 3ರ ಅಂತರವೇ ಸ್ಪ್ರೆಡ್. ನೂರು ರೂಪಾಯಿಗೆ ಸರ್ಕಾರ ಖಚಿತವಾಗಿ ₹107 ಕೊಡುತ್ತದೆ, ಕಂಪನಿ ₹110 ಕೊಡುವುದಾಗಿ ಹೇಳುತ್ತದೆ. ಹೂಡಿಕೆದಾರ ಅಪಾಯಕ್ಕೆ ಅಂಜದೆ ಸರಾಸರಿಯನ್ನಷ್ಟೇ ನೋಡುವವನಾದರೆ ಅವನಿಗೆ ಎರಡೂ ಒಂದೇ ಆಗಬೇಕು, ಅಂದರೆ ಕಂಪನಿಯ ಬಾಂಡಿನಲ್ಲಿ ಸರಾಸರಿ ನಷ್ಟ ₹3 ಇರಬೇಕು. ಕಂಪನಿ ಕೈಯೆತ್ತಿದಾಗ ಬಿಡಿಗಾಸೂ ಬಾರದು ಎಂದುಕೊಂಡರೆ ಸುಸ್ತಿಯ ಸಾಧ್ಯತೆ 110ಕ್ಕೆ 3, ಅಂದರೆ ಶೇ 2.7. ಶೇ 40ರಷ್ಟು ವಸೂಲಾಗುತ್ತದೆ ಎಂದುಕೊಂಡರೆ ನಷ್ಟ ₹66ಕ್ಕೆ ಇಳಿದು ಸಾಧ್ಯತೆ ಶೇ 4.5ಕ್ಕೆ ಏರುತ್ತದೆ. ಶೇ 70 ವಸೂಲಿ ಎಂದರೆ ಶೇ 9.1! ಬಾಂಡ್ ಅದೇ, ಬೆಲೆಯೂ ಅದೇ. ಬದಲಾದದ್ದು ಹೇಳುವವರ ಊಹೆ ಮಾತ್ರ, ಅದನ್ನೇ ಅವರು ಮುಚ್ಚಿಡುತ್ತಾರೆ.

ಇದಕ್ಕಿಂತ ದೊಡ್ಡ ತಪ್ಪು ‘ಅಪಾಯಕ್ಕೆ ಅಂಜದವನು’ ಎಂಬ ಮಾತಿನಲ್ಲಿದೆ. ಅಂಥ ಹೂಡಿಕೆದಾರ ಲೆಕ್ಕದ ಅನುಕೂಲಕ್ಕೆ ಹುಟ್ಟಿದವನು. ನಿಜವಾದ ಹೂಡಿಕೆದಾರರು ಸಂಭವನೀಯ ನಷ್ಟದ ಜೊತೆಗೆ ತಮ್ಮ ಭಯಕ್ಕೂ, ಬೇಕೆಂದಾಗ ಬಾಂಡ್ ಮಾರಲಾಗದ ಕಷ್ಟಕ್ಕೂ ಬೆಲೆ ಕೇಳುತ್ತಾರೆ. ಸ್ಪ್ರೆಡ್‌ನಲ್ಲಿ ಇವೆಲ್ಲ ಬೆರೆತಿರುತ್ತವೆ. 2008ರ ಕೊನೆಯಲ್ಲಿ ಅಮೆರಿಕದ ಉತ್ತಮ ದರ್ಜೆಯ ಕಂಪನಿ ಬಾಂಡುಗಳ ಸ್ಪ್ರೆಡ್ ಸುಮಾರು ಶೇ 6ಕ್ಕೆ ಜಿಗಿಯಿತು. ಶೇ 40 ವಸೂಲಿಯ ಊಹೆಯಲ್ಲಿ ಇದು ವರ್ಷಕ್ಕೆ ಹೆಚ್ಚುಕಮ್ಮಿ ಹತ್ತರಲ್ಲೊಂದು ಕಂಪನಿ ಸುಸ್ತಿಯಾಗುವ ಲೆಕ್ಕ. 2009ರಲ್ಲಿ ಆ ದರ್ಜೆಯ ನೂರರಲ್ಲಿ ಒಂದು ಕಂಪನಿಯೂ ಸುಸ್ತಿಯಾಗಲಿಲ್ಲ. ಆ ಅಂಕಿಯನ್ನು ಭವಿಷ್ಯವೆಂದು ನಂಬಿ ಅಂದು ಮಾರಿದವರು ನಷ್ಟವನ್ನು ತಾವೇ ತಂದುಕೊಂಡರು.

ಸ್ಥೂಲ ಅಂದಾಜಿಗೆ ಇಷ್ಟು ಸಾಲದೇ ಎನ್ನುವವರಿದ್ದಾರೆ. ಎರಡು ಬಾಂಡುಗಳನ್ನು ಹೋಲಿಸಲು, ನಿನ್ನೆಗಿಂತ ಇಂದು ಆತಂಕ ಹೆಚ್ಚಿದೆಯೇ ಎಂದು ತಿಳಿಯಲು ಖಂಡಿತ ಸಾಕು. ಸಾಲದ ವಿಮೆಗೆ ಬೆಲೆ ಕಟ್ಟುವವರಿಗೆ ಬೇಕಾದದ್ದೂ ಈ ಲೆಕ್ಕವೇ. ಆದರೆ ನಿವೃತ್ತಿಯ ಹಣವನ್ನು ಡೆಟ್ ಫಂಡಿನಲ್ಲಿಟ್ಟವರ ಪ್ರಶ್ನೆ ಬೇರೆ: ಹಣ ವಾಪಸ್ ಬರುತ್ತದೆಯೇ? 2020ರ ಏಪ್ರಿಲ್‌ನಲ್ಲಿ ಫ್ರಾಂಕ್ಲಿನ್ ಟೆಂಪಲ್ಟನ್ ಭಾರತದಲ್ಲಿ ಆರು ಡೆಟ್ ಫಂಡುಗಳನ್ನು ಮುಚ್ಚಿದಾಗ ಅವುಗಳಲ್ಲಿದ್ದದ್ದು ಸುಮಾರು ₹25,000 ಕೋಟಿ. ಹಣ ವಾಪಸ್ ಕೇಳುವವರು ಮುಗಿಬಿದ್ದಿದ್ದರು, ಬಾಂಡುಗಳನ್ನು ಕೊಳ್ಳುವವರು ಇರಲಿಲ್ಲ. ಮುಂದೆ ಹೂಡಿಕೆದಾರರ ಕೈಸೇರಿದ್ದು ಅದಕ್ಕಿಂತ ಹೆಚ್ಚು. ಅಂದಿನ ಏರಿದ ಬಡ್ಡಿದರಗಳಲ್ಲಿ ಮಾರುಕಟ್ಟೆ ಸ್ತಬ್ಧವಾಗಿದ್ದುದರ ಪಾಲು ಎಷ್ಟು, ಸುಸ್ತಿಯ ಪಾಲು ಎಷ್ಟು ಎಂಬುದನ್ನು ಈ ಒಂದು ವರ್ಷದ ಸೂತ್ರ ಬೇರ್ಪಡಿಸಲಾರದು. ಸಾಧ್ಯತೆಯ ಅಂಕಿ ಹೇಳುವವರು ಪಕ್ಕದಲ್ಲೇ ತಮ್ಮ ವಸೂಲಿಯ ಊಹೆಯನ್ನೂ, ಅಂಥ ಬಾಂಡುಗಳಲ್ಲಿ ಹಿಂದೆ ನಿಜವಾಗಿ ಸುಸ್ತಿಯಾದ ಪ್ರಮಾಣವನ್ನೂ ತೋರಿಸಲಿ.